ಎಲ್‌ಸಿಡಿಗೆ ಮೂರು ಬಾರಿ 0x3 ಕಳಿಸುವುದೇಕೆ? ನಾಲ್ಕು-ಬಿಟ್ ಆರಂಭಕ್ರಮ ಮತ್ತು ಅದರ ಕಾಲಮಾನ

ಹದಿನಾರು ಅಕ್ಷರಗಳ ಎರಡು ಸಾಲಿರುವ ಎಲ್‌ಸಿಡಿಯನ್ನು ಮೈಕ್ರೋಕಂಟ್ರೋಲರ್‌ಗೆ ಜೋಡಿಸಿದವರಿಗೆ ಒಂದು ವಿಚಿತ್ರ ತೊಂದರೆ ಎದುರಾಗುವುದುಂಟು. ವಿದ್ಯುತ್ ಕೊಟ್ಟಾಗ ಅಕ್ಷರಗಳು ಸರಿಯಾಗಿಯೇ ಮೂಡುತ್ತವೆ. ಮೈಕ್ರೋಕಂಟ್ರೋಲರ್‌ನ ರಿಸೆಟ್ ಗುಂಡಿ ಒತ್ತಿದರೆ ಮಾತ್ರ ಒಮ್ಮೊಮ್ಮೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮತ್ತೆ ರಿಸೆಟ್ ಒತ್ತಿದರೆ ಸರಿಹೋಗಬಹುದು, ಹೋಗದೆಯೂ ಇರಬಹುದು. ವಿದ್ಯುತ್ ತೆಗೆದು ಮತ್ತೆ ಕೊಟ್ಟರೆ ಎಲ್ಲವೂ ಮೊದಲಿನಂತಾಗುತ್ತದೆ. ತಂತಿ ಸಡಿಲವಾಗಿದೆ, ಎಲ್‌ಸಿಡಿಯೇ ಕೆಟ್ಟಿದೆ ಎಂದು ಹಲವರು ತೀರ್ಮಾನಿಸುತ್ತಾರೆ. ಆದರೆ ಹೆಚ್ಚಿನ ಸಲ ದೋಷವಿರುವುದು ಪ್ರೋಗ್ರಾಮಿನ ಮೊದಲ ಹತ್ತು ಸಾಲುಗಳಲ್ಲಿ, ಅಂದರೆ ಎಲ್‌ಸಿಡಿಯನ್ನು ನಾಲ್ಕು-ಬಿಟ್ ಸ್ಥಿತಿಗೆ ತರುವ ಆರಂಭಕ್ರಮದಲ್ಲಿ.

ಈ ಕ್ರಮವನ್ನು ಬಹಳಷ್ಟು ಜನ ಎಲ್ಲಿಂದಲೋ ನಕಲು ಮಾಡಿಕೊಂಡಿರುತ್ತಾರೆ. 0x3 ಅನ್ನು ಮೂರು ಬಾರಿ ಕಳಿಸಬೇಕು, ಮೊದಲ ಸಲದ ನಂತರ ಹೆಚ್ಚು ಕಾಯಬೇಕು, ಆಮೇಲೆ 0x2 ಕಳಿಸಬೇಕು ಎಂಬುದಷ್ಟೇ ಅವರಿಗೆ ತಿಳಿದಿರುತ್ತದೆ. ಒಂದೇ ಆದೇಶವನ್ನು ಮೂರು ಸಲ ಹೇಳುವುದು ಅನಗತ್ಯವೆಂದು ತೋರಿದಾಗ ಒಂದನ್ನು ತೆಗೆದುಹಾಕುತ್ತಾರೆ. ತೆಗೆದ ಮೇಲೂ ಮೇಜಿನ ಮೇಲೆ ಎಲ್‌ಸಿಡಿ ನಡೆಯುವುದರಿಂದ ತಾವು ಮಾಡಿದ್ದು ಸರಿಯೆಂದೇ ಭಾವಿಸುತ್ತಾರೆ. ಆ ಮೂರು ಆದೇಶಗಳಲ್ಲಿ ಒಂದೂ ಹೆಚ್ಚಿನದಲ್ಲ. ಪ್ರತಿಯೊಂದಕ್ಕೂ, ಅವುಗಳ ನಡುವಿನ ಪ್ರತಿಯೊಂದು ಬಿಡುವಿಗೂ ಕಾರಣವಿದೆ.

ಇಂತಹ ಎಲ್‌ಸಿಡಿಗಳ ಹಿಂಬದಿಯಲ್ಲಿ ಕಪ್ಪು ಅಂಟಿನ ಬೊಟ್ಟಿನ ಕೆಳಗೆ ಅಡಗಿರುವುದು ಹಿಟಾಚಿ ಸಂಸ್ಥೆಯ ಎಚ್‌ಡಿ44780 ಎಂಬ ಕಂಟ್ರೋಲರ್, ಅಥವಾ ಅದರಂತೆಯೇ ವರ್ತಿಸುವ ಬೇರೊಂದು ಚಿಪ್. ಅದಕ್ಕೆ ಡಿಬಿ0ರಿಂದ ಡಿಬಿ7ರವರೆಗೆ ಎಂಟು ದತ್ತಾಂಶ ಪಿನ್‌ಗಳಿವೆ. ಬರುತ್ತಿರುವುದು ಆದೇಶವೋ ಅಕ್ಷರವೋ ಎಂಬುದನ್ನು ಆರ್‌ಎಸ್ ಪಿನ್ ಹೇಳುತ್ತದೆ, ಬರೆಯುವುದೋ ಓದುವುದೋ ಎಂಬುದನ್ನು ಆರ್/ಡಬ್ಲ್ಯೂ ಪಿನ್ ಹೇಳುತ್ತದೆ. ಎನೇಬಲ್ ಪಿನ್ ಮೇಲಿನ ಮಟ್ಟದಿಂದ ಕೆಳಕ್ಕೆ ಇಳಿಯುವ ಕ್ಷಣದಲ್ಲಿ ಕಂಟ್ರೋಲರ್ ದತ್ತಾಂಶ ಪಿನ್‌ಗಳ ಮೇಲೆ ಇರುವುದನ್ನು ಒಳಗೆಳೆದುಕೊಳ್ಳುತ್ತದೆ. ಎಂಟು-ಬಿಟ್ ಸ್ಥಿತಿಯಲ್ಲಿ ಒಂದು ಎನೇಬಲ್ ಪಲ್ಸ್ ಎಂದರೆ ಒಂದು ಪೂರ್ಣ ಬೈಟ್. ನಾಲ್ಕು-ಬಿಟ್ ಸ್ಥಿತಿಯಲ್ಲಿ ಡಿಬಿ4ರಿಂದ ಡಿಬಿ7ರವರೆಗಿನ ನಾಲ್ಕು ಪಿನ್‌ಗಳನ್ನು ಮಾತ್ರ ಬಳಸಿ, ಬೈಟಿನ ಮೇಲಿನ ಅರ್ಧವನ್ನು ಮೊದಲ ಪಲ್ಸ್‌ನಲ್ಲಿಯೂ ಕೆಳಗಿನ ಅರ್ಧವನ್ನು ಎರಡನೆಯ ಪಲ್ಸ್‌ನಲ್ಲಿಯೂ ಕಳಿಸುತ್ತೇವೆ. ಈ ಅರ್ಧ ಬೈಟನ್ನೇ ನಿಬ್ಬಲ್ ಎನ್ನುತ್ತಾರೆ. ನಾಲ್ಕು ತಂತಿ ಉಳಿಯುತ್ತದೆ ಎಂಬುದು ಇದರ ಲಾಭ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ಈಗ ಬಂದದ್ದು ಮೇಲಿನ ನಿಬ್ಬಲ್ಲೋ ಕೆಳಗಿನದೋ ಎಂಬ ಲೆಕ್ಕವನ್ನು ಕಂಟ್ರೋಲರ್ ತಾನೇ ಒಳಗೆ ಇಟ್ಟುಕೊಳ್ಳಬೇಕು. ಅದನ್ನು ಹೊರಗಿನಿಂದ ನೇರವಾಗಿ ಸೊನ್ನೆಗೆ ತರುವ ಪಿನ್ ಯಾವುದೂ ಇಲ್ಲ. ಎಲ್‌ಸಿಡಿಯ ಹದಿನಾರು ಪಿನ್‌ಗಳಲ್ಲಿ ರಿಸೆಟ್ ಪಿನ್ ಇಲ್ಲವೆಂಬ ಈ ಒಂದು ಸಂಗತಿಯಿಂದಲೇ ಮುಂದಿನ ಕ್ರಮವೆಲ್ಲ ಹುಟ್ಟಿದೆ.

ವಿದ್ಯುತ್ ಬಂದಾಗ ಕಂಟ್ರೋಲರ್ ತನ್ನಷ್ಟಕ್ಕೆ ತಾನೇ ಒಮ್ಮೆ ರಿಸೆಟ್ ಆಗುತ್ತದೆ, ನಿಜ. ಆಗ ಅದು ಎಂಟು-ಬಿಟ್ ಸ್ಥಿತಿಗೆ, ಒಂದೇ ಸಾಲಿನ ವಿನ್ಯಾಸಕ್ಕೆ ಬರುತ್ತದೆ, ಪ್ರದರ್ಶನವನ್ನು ಆರಿಸಿಕೊಳ್ಳುತ್ತದೆ. ಆದರೆ ಇದು ನಡೆಯಬೇಕಾದರೆ ವಿದ್ಯುತ್ ಒತ್ತಡವು 0.1ರಿಂದ 10 ಮಿಲಿಸೆಕೆಂಡಿನೊಳಗೆ ಏರಬೇಕು, ಹಿಂದೆ ಆರಿದಾಗ ಕನಿಷ್ಠ 1 ಮಿಲಿಸೆಕೆಂಡ್ ಆರಿಯೇ ಇರಬೇಕು ಎಂದು ಡೇಟಾಶೀಟ್ ಷರತ್ತು ಹಾಕುತ್ತದೆ. ದೊಡ್ಡ ಕೆಪ್ಯಾಸಿಟರ್ ಇರುವ ವಿದ್ಯುತ್ ಪೂರೈಕೆಯಲ್ಲಿ ಒತ್ತಡ ನಿಧಾನವಾಗಿ ಏರಿದರೆ ಈ ಷರತ್ತು ಮುರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾವು ಮೈಕ್ರೋಕಂಟ್ರೋಲರ್ ಒಂದನ್ನೇ ರಿಸೆಟ್ ಮಾಡಿದಾಗ ಎಲ್‌ಸಿಡಿಗೆ ವಿದ್ಯುತ್ ತಪ್ಪುವುದೇ ಇಲ್ಲ. ಹೊಸ ಪ್ರೋಗ್ರಾಮ್ ಮೊದಲಿನಿಂದ ಶುರುವಾಗುತ್ತದೆ, ಎಲ್‌ಸಿಡಿ ಮಾತ್ರ ಹಳೆಯ ಸ್ಥಿತಿಯಲ್ಲಿಯೇ ಇರುತ್ತದೆ.

ಮೂರು ಸಾಧ್ಯತೆಗಳು, ಒಂದು ಕ್ರಮ

ಪ್ರೋಗ್ರಾಮ್ ಶುರುವಾಗುವ ಕ್ಷಣದಲ್ಲಿ ಕಂಟ್ರೋಲರ್ ಮೂರು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ. ಅದು ಎಂಟು-ಬಿಟ್ ಸ್ಥಿತಿಯಲ್ಲಿರಬಹುದು. ನಾಲ್ಕು-ಬಿಟ್ ಸ್ಥಿತಿಯಲ್ಲಿದ್ದು ಮೇಲಿನ ನಿಬ್ಬಲ್‌ಗಾಗಿ ಕಾಯುತ್ತಿರಬಹುದು. ಅಥವಾ ನಾಲ್ಕು-ಬಿಟ್ ಸ್ಥಿತಿಯಲ್ಲಿ ಮೇಲಿನ ನಿಬ್ಬಲ್ ಆಗಲೇ ಬಂದುಬಿಟ್ಟು, ಕೆಳಗಿನದಕ್ಕಾಗಿ ಕಾಯುತ್ತಿರಬಹುದು. ಮೂರನೆಯದು ಸಂಭವಿಸುವುದು ರಿಸೆಟ್ ಸರಿಯಾಗಿ ಎರಡು ನಿಬ್ಬಲ್‌ಗಳ ನಡುವೆ ಬಿದ್ದಾಗ. ಒಮ್ಮೊಮ್ಮೆ ಮಾತ್ರ ಕಾಣಿಸಿಕೊಳ್ಳುವ ತೊಂದರೆಯ ಮೂಲ ಇದೇ. ಇವುಗಳಲ್ಲಿ ಯಾವುದು ನಿಜವೆಂದು ಪ್ರೋಗ್ರಾಮಿಗೆ ತಿಳಿಯುವ ದಾರಿಯಿಲ್ಲ. ಆದ್ದರಿಂದ ಮೂರರಲ್ಲಿ ಯಾವುದೇ ಇದ್ದರೂ ಕೊನೆಗೆ ಒಂದೇ ಕಡೆ ತಂದು ನಿಲ್ಲಿಸುವ ಕ್ರಮ ಬೇಕು.

ಕಂಟ್ರೋಲರ್‌ನ ಫಂಕ್ಷನ್ ಸೆಟ್ ಎಂಬ ಆದೇಶದ ರೂಪ ಹೀಗಿದೆ: ಡಿಬಿ5ರಲ್ಲಿ 1 ಇದ್ದರೆ, ಅದರ ಮೇಲಿನ ಎರಡು ಬಿಟ್‌ಗಳು 0 ಆಗಿದ್ದರೆ, ಅದು ಫಂಕ್ಷನ್ ಸೆಟ್. ಡಿಬಿ4ರಲ್ಲಿರುವುದು ಡಿಎಲ್ ಬಿಟ್. ಅದು 1 ಆದರೆ ಎಂಟು-ಬಿಟ್, 0 ಆದರೆ ನಾಲ್ಕು-ಬಿಟ್. ಡಿಬಿ3ರಲ್ಲಿ ಸಾಲುಗಳ ಸಂಖ್ಯೆಯನ್ನು ತಿಳಿಸುವ ಎನ್ ಬಿಟ್, ಡಿಬಿ2ರಲ್ಲಿ ಅಕ್ಷರದ ಎತ್ತರವನ್ನು ತಿಳಿಸುವ ಎಫ್ ಬಿಟ್ ಇವೆ. ಕೊನೆಯ ಎರಡು ಬಿಟ್‌ಗಳಿಗೆ ಅರ್ಥವಿಲ್ಲ. ಹಾಗಾಗಿ ಮೇಲಿನ ನಿಬ್ಬಲ್ 3 ಆಗಿರುವ ಯಾವ ಬೈಟೇ ಆಗಲಿ, ಕೆಳಗಿನ ಅರ್ಧ ಏನೇ ಇರಲಿ, ಎಂಟು-ಬಿಟ್ ಸ್ಥಿತಿಗೆ ಬಾ ಎಂಬುದೇ ಅದರ ಅರ್ಥ. 0x33 ಎಂಬ ಬೈಟೂ ಅದನ್ನೇ ಹೇಳುತ್ತದೆ. 3 ಎಂಬ ನಿಬ್ಬಲನ್ನೇ ಆರಿಸಿಕೊಂಡದ್ದರ ಜಾಣತನ ಇಲ್ಲಿದೆ: ಅದು ಮೇಲರ್ಧವಾಗಿ ಬಂದರೂ ಕೆಲಸ ಮಾಡುತ್ತದೆ, ತನ್ನ ಹಿಂದೆ ಇನ್ನೊಂದು 3 ಇದ್ದು ಕೆಳಗಿನ ಅರ್ಧವಾಗಿ ಬಂದರೂ ಕೆಡಿಸುವುದಿಲ್ಲ.

ಈಗ ಮೂರು ಸ್ಥಿತಿಗಳನ್ನೂ ಒಂದೊಂದಾಗಿ ನಡೆಸಿ ನೋಡೋಣ. ಕಂಟ್ರೋಲರ್ ಎಂಟು-ಬಿಟ್ ಸ್ಥಿತಿಯಲ್ಲಿದ್ದರೆ ಮೂರು ಪಲ್ಸ್‌ಗಳೂ ಮೂರು ಪೂರ್ಣ ಆದೇಶಗಳು; ಮೂರೂ ಎಂಟು-ಬಿಟ್‌ನಲ್ಲಿಯೇ ಇರು ಎನ್ನುತ್ತವೆ, ಏನೂ ಬದಲಾಗುವುದಿಲ್ಲ. ಮೇಲಿನ ನಿಬ್ಬಲ್‌ಗಾಗಿ ಕಾಯುತ್ತಿದ್ದರೆ ಮೊದಲ 3 ಮೇಲಿನ ಅರ್ಧವಾಗುತ್ತದೆ, ಎರಡನೆಯ 3 ಕೆಳಗಿನ ಅರ್ಧವಾಗಿ 0x33 ಪೂರ್ಣಗೊಳ್ಳುತ್ತದೆ, ಕಂಟ್ರೋಲರ್ ಎಂಟು-ಬಿಟ್‌ಗೆ ಬರುತ್ತದೆ. ಮೂರನೆಯ 3 ಅದನ್ನೇ ಮತ್ತೊಮ್ಮೆ ಹೇಳುತ್ತದೆ. ಕೆಳಗಿನ ನಿಬ್ಬಲ್‌ಗಾಗಿ ಕಾಯುತ್ತಿದ್ದರೆ ಮೊದಲ 3 ಹಿಂದಿನ ಪ್ರೋಗ್ರಾಮ್ ಅರ್ಧಕ್ಕೆ ಬಿಟ್ಟುಹೋದ ಬೈಟನ್ನು ಮುಗಿಸಲು ಖರ್ಚಾಗುತ್ತದೆ. ಎರಡನೆಯ ಮತ್ತು ಮೂರನೆಯ 3 ಸೇರಿ 0x33 ಆಗುತ್ತದೆ. ಮೂರನೆಯ ಪಲ್ಸ್ ಮುಗಿದಾಗ, ಎಲ್ಲಿಂದ ಹೊರಟಿದ್ದರೂ, ಕಂಟ್ರೋಲರ್ ಎಂಟು-ಬಿಟ್ ಸ್ಥಿತಿಯಲ್ಲಿಯೇ ಇರುತ್ತದೆ. ನಾಲ್ಕು-ಬಿಟ್ ಬೇಕೆಂದು ಹೊರಟವರು ಮೊದಲು ಎಂಟು-ಬಿಟ್‌ಗೆ ಏಕೆ ಹೋಗಬೇಕು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು: ನಿಬ್ಬಲ್‌ಗಳ ಲೆಕ್ಕವೇ ಇಲ್ಲದ ಸ್ಥಿತಿ ಅದೊಂದೇ.

ಅಲ್ಲಿಂದ ಒಂದು ಪಲ್ಸ್‌ನಲ್ಲಿ 0x2 ಕಳಿಸುತ್ತೇವೆ. ಕಂಟ್ರೋಲರ್ ಇನ್ನೂ ಎಂಟು ಪಿನ್‌ಗಳನ್ನೂ ಓದುತ್ತಿರುವುದರಿಂದ ಇದು ಪೂರ್ಣ ಆದೇಶ. ಡಿಎಲ್ ಬಿಟ್ 0 ಆಗಿ ನಾಲ್ಕು-ಬಿಟ್ ಸ್ಥಿತಿ ಶುರುವಾಗುತ್ತದೆ, ಮುಂದೆ ಬರುವುದು ಮೇಲಿನ ನಿಬ್ಬಲ್ ಎಂಬುದು ಎರಡೂ ಕಡೆಗೆ ಖಚಿತವಾಗಿರುತ್ತದೆ. ಆದರೆ ಆ ಪಲ್ಸ್‌ನಲ್ಲಿ ಎನ್ ಮತ್ತು ಎಫ್ ಬಿಟ್‌ಗಳು ನಾವು ತಂತಿಯನ್ನೇ ಜೋಡಿಸದ ಡಿಬಿ3 ಮತ್ತು ಡಿಬಿ2ರಿಂದ ಓದಲ್ಪಟ್ಟಿರುತ್ತವೆ. ಆ ಪಿನ್‌ಗಳನ್ನು ಹಾಗೆಯೇ ಬಿಟ್ಟಿದ್ದರೆ ಚಿಪ್‌ನೊಳಗಿನ ಪುಲ್-ಅಪ್‌ಗಳಿಂದಾಗಿ ಅವು 1 ಎಂದು ಓದಲ್ಪಡುತ್ತವೆ, ಗ್ರೌಂಡ್‌ಗೆ ಜೋಡಿಸಿದ್ದರೆ 0 ಎಂದು. ಆದ್ದರಿಂದಲೇ ತಕ್ಷಣ 0x28 ಎಂಬ ಪೂರ್ಣ ಫಂಕ್ಷನ್ ಸೆಟ್ ಆದೇಶವನ್ನು ಎರಡು ನಿಬ್ಬಲ್‌ಗಳಲ್ಲಿ ಮತ್ತೆ ಕಳಿಸಬೇಕು: ನಾಲ್ಕು-ಬಿಟ್, ಎರಡು ಸಾಲು, ಐದು ಅಡ್ಡ ಎಂಟು ಚುಕ್ಕಿಗಳ ಅಕ್ಷರ. ಇದನ್ನು ಬಿಟ್ಟ ಪ್ರೋಗ್ರಾಮ್ ಒಬ್ಬರ ಬೋರ್ಡಿನಲ್ಲಿ ಎರಡೂ ಸಾಲು ತೋರಿಸಿ, ಡಿಬಿ0–3ನ್ನು ಗ್ರೌಂಡ್ ಮಾಡಿದ ಇನ್ನೊಬ್ಬರ ಬೋರ್ಡಿನಲ್ಲಿ ಒಂದೇ ಸಾಲು ತೋರಿಸಿದರೆ ಅಚ್ಚರಿಯಿಲ್ಲ. ಸಾಲು ಮತ್ತು ಅಕ್ಷರದ ಅಳತೆಯನ್ನು ಇಲ್ಲಿಯೇ, ಉಳಿದ ಆದೇಶಗಳಿಗಿಂತ ಮೊದಲೇ ಹೇಳಿ ಮುಗಿಸಬೇಕು. ಆಮೇಲೆ ಬದಲಿಸಲು ಡೇಟಾಶೀಟ್ ಅವಕಾಶ ಕೊಡುವುದಿಲ್ಲ.

ಮೂರರ ಬದಲು ಎರಡೇ ಬಾರಿ 3 ಕಳಿಸಿದರೆ ಏನಾಗುತ್ತದೆ ಎಂಬುದನ್ನು ಮೂರನೆಯ ಸ್ಥಿತಿಯಲ್ಲಿ ನಡೆಸಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮೊದಲ 3 ಹಳೆಯ ಬೈಟಿಗೆ ಖರ್ಚಾಯಿತು. ಎರಡನೆಯ 3 ಮೇಲಿನ ಅರ್ಧವಾಗಿ ಕಾದು ಕುಳಿತಿತು. ಆಗ ಬಂದ 0x2 ಅದರ ಕೆಳಗಿನ ಅರ್ಧವಾಗಿ 0x32 ಆಯಿತು. ಅಂದರೆ ನಾಲ್ಕು-ಬಿಟ್‌ಗೆ ಹೋಗು ಎಂದು ನಾವು ಹೇಳಿದ್ದನ್ನು ಕಂಟ್ರೋಲರ್ ಎಂಟು-ಬಿಟ್‌ಗೆ ಬಾ ಎಂದು ಓದಿತು. ಮುಂದೆ 0x28ರ ಮೊದಲ ನಿಬ್ಬಲ್ 2 ಬಂದಾಗ ಅದನ್ನು ಪೂರ್ಣ ಆದೇಶವೆಂದು ತಿಳಿದು ಅದು ನಾಲ್ಕು-ಬಿಟ್‌ಗೆ ಹೋಯಿತು. ಉಳಿದ 8 ಮೇಲಿನ ನಿಬ್ಬಲ್ ಆಗಿ ಕುಳಿತಿತು. ಅಲ್ಲಿಂದ ಎಲ್ಲವೂ ಒಂದು ನಿಬ್ಬಲ್‌ನಷ್ಟು ಜಾರಿಕೊಂಡೇ ಸಾಗುತ್ತದೆ: ನಾವು 0x08, 0x01, 0x06, 0x0C ಎಂದು ಕಳಿಸಿದ್ದು ಅಲ್ಲಿ 0x80, 0x80, 0x10, 0x60 ಎಂದು ತಲುಪುತ್ತದೆ, ಕೊನೆಯ C ತನ್ನ ಜೊತೆಗಾಗಿ ಕಾಯುತ್ತ ಉಳಿಯುತ್ತದೆ. ಪರದೆಯನ್ನು ಅಳಿಸುವ ಆದೇಶವೂ ಬೆಳಗಿಸುವ ಆದೇಶವೂ ಕಂಟ್ರೋಲರ್‌ಗೆ ಮುಟ್ಟಲೇ ಇಲ್ಲ.

ಬಿಡುವುಗಳ ಲೆಕ್ಕ

ಎಚ್‌ಡಿ44780ಯ ಡೇಟಾಶೀಟ್ ಹೇಳುವ ಬಿಡುವುಗಳು ಇವು: ಒತ್ತಡ 4.5 ವೋಲ್ಟ್ ಮುಟ್ಟಿದ ಮೇಲೆ 15 ಮಿಲಿಸೆಕೆಂಡಿಗಿಂತ ಹೆಚ್ಚು, ಮೊದಲ 3ರ ನಂತರ 4.1 ಮಿಲಿಸೆಕೆಂಡಿಗಿಂತ ಹೆಚ್ಚು, ಎರಡನೆಯ 3ರ ನಂತರ 100 ಮೈಕ್ರೋಸೆಕೆಂಡಿಗಿಂತ ಹೆಚ್ಚು. 3 ವೋಲ್ಟ್ ಆಸುಪಾಸಿನಲ್ಲಿ ನಡೆಸುವುದಾದರೆ, ಒತ್ತಡ 2.7 ವೋಲ್ಟ್ ಮುಟ್ಟಿದ ಮೇಲೆ 40 ಮಿಲಿಸೆಕೆಂಡ್ ಕಾಯಬೇಕು.

ಮೊದಲನೆಯ ಬಿಡುವನ್ನು ಎಣಿಸಬೇಕಾದದ್ದು ಎಲ್‌ಸಿಡಿಯ ವಿದ್ಯುತ್ ಪಿನ್‌ನಿಂದ, ನಮ್ಮ ಪ್ರೋಗ್ರಾಮಿನ ಮೊದಲ ಸಾಲಿನಿಂದಲ್ಲ. ಎಟಿಮೆಗಾ328ಪಿಯಂತಹ ಮೈಕ್ರೋಕಂಟ್ರೋಲರ್ 4.5 ವೋಲ್ಟ್‌ಗಿಂತ ಬಹಳ ಕೆಳಗೇ ಎಚ್ಚೆತ್ತು ಓಡತೊಡಗುತ್ತದೆ. ಅದು 15 ಮಿಲಿಸೆಕೆಂಡ್ ಎಣಿಸಿ ಮುಗಿಸಿದಾಗಲೂ ಎಲ್‌ಸಿಡಿಗೆ ಬೇಕಾದ ಒತ್ತಡ ಬಂದಿರದೆ ಇರಬಹುದು. ಅಲ್ಲದೆ ಅದೇ ಚಿಪ್‌ನ ಫ್ಯೂಸ್ ಬಿಟ್‌ಗಳಲ್ಲಿ, ವಿದ್ಯುತ್ ಬಂದ ಮೇಲೆ 65 ಮಿಲಿಸೆಕೆಂಡ್ ತಡೆದು ಪ್ರೋಗ್ರಾಮ್ ಶುರುಮಾಡುವ ಆಯ್ಕೆಯಿದೆ. ಆ ಆಯ್ಕೆ ಇದ್ದಾಗ, ಆರಂಭದ ಬಿಡುವನ್ನು ಬರೆಯಲು ಮರೆತ ಪ್ರೋಗ್ರಾಮೂ ಸರಿಯಾಗಿ ನಡೆಯುತ್ತದೆ. ಮುಂದೊಂದು ದಿನ ಬೇರೆ ಫ್ಯೂಸ್ ಇರುವ ಚಿಪ್‌ಗೆ ಅದನ್ನೇ ತುಂಬಿದಾಗ ಪರದೆ ಖಾಲಿ ಉಳಿಯುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಜಿಪುಣತನ ಮಾಡಬಾರದು. 50 ಮಿಲಿಸೆಕೆಂಡ್ ಬರೆದುಬಿಡುವುದು ಒಳ್ಳೆಯದು. ಆರ್ಡುಯಿನೊ ಜೊತೆಗೆ ಬರುವ `LiquidCrystal` ಲೈಬ್ರರಿ ಕೂಡ ಅಷ್ಟೇ ಕಾಯುತ್ತದೆ.

4.1 ಮಿಲಿಸೆಕೆಂಡ್ ಎಂಬ ಸಂಖ್ಯೆಗೆ ಡೇಟಾಶೀಟ್ ಕಾರಣ ಕೊಡುವುದಿಲ್ಲ. ಆದರೆ ಮೇಲಿನ ಮೂರನೆಯ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಅಗತ್ಯ ತಾನಾಗಿಯೇ ತಿಳಿಯುತ್ತದೆ. ರಿಸೆಟ್ ಬಿದ್ದಾಗ ಹಳೆಯ ಪ್ರೋಗ್ರಾಮ್ ಪರದೆ ಅಳಿಸುವ 0x01 ಅನ್ನು ಕಳಿಸುತ್ತಿತ್ತು, ಅದರ ಮೇಲಿನ ನಿಬ್ಬಲ್ 0 ಮಾತ್ರ ಹೋಗಿತ್ತು ಎಂದುಕೊಳ್ಳೋಣ. ಈಗ ನಮ್ಮ ಮೊದಲ 3 ಸೇರಿ ಅದು 0x03 ಆಗುತ್ತದೆ. ಇದು ಕರ್ಸರನ್ನು ಮೊದಲ ಜಾಗಕ್ಕೆ ತರುವ ರಿಟರ್ನ್ ಹೋಮ್ ಆದೇಶ, ಇದಕ್ಕೆ 1.52 ಮಿಲಿಸೆಕೆಂಡ್ ಹಿಡಿಯುತ್ತದೆ. ಉಳಿದ ಬಹುತೇಕ ಆದೇಶಗಳು 37 ಮೈಕ್ರೋಸೆಕೆಂಡಿನಲ್ಲಿ ಮುಗಿಯುವಾಗ ಇದು ಸುಮಾರು ನಲವತ್ತು ಪಟ್ಟು ದೀರ್ಘ. ಅದು ನಡೆಯುತ್ತಿರುವಾಗಲೇ ಎರಡನೆಯ 3 ಬಂದರೆ ಕಂಟ್ರೋಲರ್ ಅದನ್ನು ಸರಿಯಾಗಿ ತೆಗೆದುಕೊಳ್ಳುತ್ತದೆಂಬ ಭರವಸೆಯಿಲ್ಲ, ಮೂರರ ಲೆಕ್ಕವೇ ತಪ್ಪುತ್ತದೆ. ಮೊದಲ 3 ಯಾವ ಆದೇಶವನ್ನು ಪೂರ್ಣಗೊಳಿಸಿತೋ ನಮಗೆ ತಿಳಿಯದ ಕಾರಣ, ಅತ್ಯಂತ ದೀರ್ಘವಾದದ್ದೇ ಆಗಿರಬಹುದೆಂದು ಎಣಿಸಿ ಕಾಯಬೇಕು. ಎರಡನೆಯ 3ರ ನಂತರ ಆ ಅನುಮಾನವಿಲ್ಲ: ಅದರಿಂದ ಪೂರ್ಣಗೊಳ್ಳಬಹುದಾದದ್ದು ಫಂಕ್ಷನ್ ಸೆಟ್ ಮಾತ್ರ. ಹಾಗಾಗಿಯೇ ಅಲ್ಲಿ 100 ಮೈಕ್ರೋಸೆಕೆಂಡ್ ಸಾಕು.

37 ಮೈಕ್ರೋಸೆಕೆಂಡ್ ಎಂಬುದನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಆ ಸಂಖ್ಯೆ ಚಿಪ್‌ನ ಒಳಗಿನ ಆಂದೋಲಕ 270 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದ್ದಾಗಿನದು. ಈ ಆಂದೋಲಕವನ್ನು ನಿಯಂತ್ರಿಸುವುದು ಒಂದು ರೆಸಿಸ್ಟರ್ ಮಾತ್ರ. ಅದರ ವೇಗ ಚಿಪ್‌ನಿಂದ ಚಿಪ್‌ಗೆ 190ರಿಂದ 350 ಕಿಲೋಹರ್ಟ್ಸ್‌ವರೆಗೆ ಬದಲಾಗಬಹುದೆಂದು ಡೇಟಾಶೀಟೇ ಒಪ್ಪಿಕೊಳ್ಳುತ್ತದೆ. 190ರಲ್ಲಿ ಓಡುವ ಚಿಪ್‌ಗೆ ಅದೇ ಆದೇಶಕ್ಕೆ 37 × 270 ÷ 190, ಅಂದರೆ ಸುಮಾರು 53 ಮೈಕ್ರೋಸೆಕೆಂಡ್ ಬೇಕು, 1.52 ಮಿಲಿಸೆಕೆಂಡಿನದು ಸುಮಾರು 2.2 ಆಗುತ್ತದೆ. ಡೇಟಾಶೀಟ್ ನೋಡಿ ಸರಿಯಾಗಿ 40 ಮೈಕ್ರೋಸೆಕೆಂಡ್ ಬರೆದವರ ಪ್ರೋಗ್ರಾಮ್ ಕೆಲವು ಎಲ್‌ಸಿಡಿಗಳಲ್ಲಿ ನಡೆದು, ಮತ್ತೆ ಕೆಲವುಗಳಲ್ಲಿ ಅಕ್ಷರ ನುಂಗುವುದು ಈ ಕಾರಣಕ್ಕೆ. ಸಾಮಾನ್ಯ ಆದೇಶಕ್ಕೆ 60 ಮೈಕ್ರೋಸೆಕೆಂಡ್, ಅಳಿಸುವುದಕ್ಕೂ ಹೋಮ್‌ಗೂ 3 ಮಿಲಿಸೆಕೆಂಡ್ ಇಟ್ಟರೆ ನಿಶ್ಚಿಂತೆ. ಹಿಟಾಚಿಯದಲ್ಲದ ಚಿಪ್‌ಗಳಿಗೂ ಇವು ಸಾಲುತ್ತವೆ: ಸ್ಯಾಮ್‌ಸಂಗ್‌ನ ಕೆಎಸ್0066ಯು ವಿದ್ಯುತ್ ಬಂದ ಮೇಲೆ 30 ಮಿಲಿಸೆಕೆಂಡ್ ಕೇಳುತ್ತದೆ, ಸಿಟ್ರಾನಿಕ್ಸ್‌ನ ಎಸ್‌ಟಿ7066ಯು 40 ಕೇಳುತ್ತದೆ.

ಕಾಯುವ ಬದಲು ಬಿಜಿ ಫ್ಲ್ಯಾಗ್ ಎಂಬ ಬಿಟ್ ಓದಿ, ಕಂಟ್ರೋಲರ್ ಬಿಡುವಾಗಿದೆಯೇ ಎಂದು ಕೇಳಬಹುದಲ್ಲ ಎನ್ನಬಹುದು. ಆರಂಭಕ್ರಮದಲ್ಲಿ ಅದು ನಡೆಯುವುದಿಲ್ಲ. ಮೂರನೆಯ 3 ಮುಗಿಯುವವರೆಗೆ ಅದನ್ನು ಓದಬಾರದೆಂದು ಡೇಟಾಶೀಟ್ ಹೇಳುತ್ತದೆ. ಆಮೇಲೆ ನಾಲ್ಕು-ಬಿಟ್ ಸ್ಥಿತಿಯಲ್ಲಿ ಓದುವಾಗಲೂ ಎರಡು ಎನೇಬಲ್ ಪಲ್ಸ್ ಕೊಡಲೇಬೇಕು. ಬೇಕಾದ ಬಿಟ್ ಮೊದಲ ಪಲ್ಸ್‌ನಲ್ಲಿಯೇ ಸಿಕ್ಕಿತೆಂದು ಎರಡನೆಯದನ್ನು ಬಿಟ್ಟರೆ ನಿಬ್ಬಲ್ ಲೆಕ್ಕ ಜಾರುತ್ತದೆ.

ಒಂದು ಜೋಡಣೆ, ಒಂದು ಪ್ರೋಗ್ರಾಮ್

16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ328ಪಿಯನ್ನು ತೆಗೆದುಕೊಳ್ಳೋಣ. ಅದರ ಡಿ ಪೋರ್ಟಿನ 4ರಿಂದ 7ರ ಪಿನ್‌ಗಳು ಕ್ರಮವಾಗಿ ಡಿಬಿ4ರಿಂದ ಡಿಬಿ7ಕ್ಕೆ, ಬಿ ಪೋರ್ಟಿನ 0 ಆರ್‌ಎಸ್‌ಗೆ, 1 ಎನೇಬಲ್‌ಗೆ. ಎಲ್‌ಸಿಡಿಗೆ 5 ವೋಲ್ಟ್. ಆರ್/ಡಬ್ಲ್ಯೂ ಪಿನ್ ಗ್ರೌಂಡ್‌ಗೆ. ಅದನ್ನು ಖಾಲಿ ಬಿಡಬಾರದು, ಏಕೆಂದರೆ ಒಳಗಿನ ಪುಲ್-ಅಪ್ ಅದನ್ನು ಮೇಲಕ್ಕೆಳೆದು ಓದುವ ಸ್ಥಿತಿಗೆ ಒಯ್ಯುತ್ತದೆ.

```c
#define F_CPU 16000000UL
#include <avr/io.h>
#include <util/delay.h>
#define RS PB0
#define E  PB1

static void nibble(uint8_t n) {
    PORTD = (PORTD & 0x0F) | (uint8_t)(n << 4);
    PORTB |= (1 << E);
    _delay_us(1);
    PORTB &= ~(1 << E);
    _delay_us(1);
}

static void cmd(uint8_t c) {
    PORTB &= ~(1 << RS);
    nibble(c >> 4);
    nibble(c & 0x0F);
    _delay_us(60);
}
```

ಎನೇಬಲ್ ಮೇಲಿರುವಾಗಿನ ಒಂದು ಮೈಕ್ರೋಸೆಕೆಂಡ್ ಬಿಡುವನ್ನು ಕೆಲವರು ತೆಗೆದುಬಿಡುತ್ತಾರೆ. ಆ ಪಲ್ಸ್ ಕನಿಷ್ಠ 230 ನ್ಯಾನೋಸೆಕೆಂಡ್ ಅಗಲವಿರಬೇಕು, 3 ವೋಲ್ಟ್ ಆಸುಪಾಸಿನಲ್ಲಿ 450. ಈ ಮೈಕ್ರೋಕಂಟ್ರೋಲರ್‌ನಲ್ಲಿ ಒಂದು ಪಿನ್ನನ್ನು ಏರಿಸುವ ಅಥವಾ ಇಳಿಸುವ ಸೂಚನೆಗೆ ಎರಡು ಗಡಿಯಾರ ಸುತ್ತು, ಅಂದರೆ 125 ನ್ಯಾನೋಸೆಕೆಂಡ್. ಏರಿಸಿದೊಡನೆ ಇಳಿಸಿದರೆ ಪಲ್ಸ್ ಬೇಕಾದುದರ ಅರ್ಧದಷ್ಟೇ ಅಗಲವಾಗುತ್ತದೆ. ಅನೇಕ ಎಲ್‌ಸಿಡಿಗಳು ಅದನ್ನೂ ಸಹಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ.

```c
void lcd_init(void) {
    DDRD |= 0xF0;
    PORTB &= ~((1 << RS) | (1 << E));
    DDRB |= (1 << RS) | (1 << E);
    _delay_ms(50);
    nibble(0x3);  _delay_ms(5);
    nibble(0x3);  _delay_us(150);
    nibble(0x3);  _delay_us(150);
    nibble(0x2);  _delay_us(60);
    cmd(0x28);
    cmd(0x08);
    cmd(0x01);    _delay_ms(3);
    cmd(0x06);
    cmd(0x0C);
}
```

ಮೊದಲ ನಾಲ್ಕು ಸಲ `nibble`, ಆಮೇಲೆ `cmd` ಎಂಬ ವ್ಯತ್ಯಾಸವನ್ನು ಗಮನಿಸಬೇಕು. ಮೊದಲ ನಾಲ್ಕನ್ನೂ `cmd` ಮೂಲಕ ಕಳಿಸಿದರೆ ಪ್ರತಿ 3ರ ಹಿಂದೆ ಒಂದು 0 ಸೇರಿಕೊಂಡು ಲೆಕ್ಕವೆಲ್ಲ ಹಾಳಾಗುತ್ತದೆ. ಉಳಿದವುಗಳಲ್ಲಿ 0x08 ಪರದೆಯನ್ನು ಆರಿಸುತ್ತದೆ, 0x01 ಅಳಿಸುತ್ತದೆ, 0x06 ಪ್ರತಿ ಅಕ್ಷರದ ನಂತರ ಕರ್ಸರನ್ನು ಬಲಕ್ಕೆ ಸರಿಸಲು ಹೇಳುತ್ತದೆ, 0x0C ಪರದೆಯನ್ನು ಬೆಳಗಿಸುತ್ತದೆ. ಮೊದಲ 3 ಹಳೆಯ ಬೈಟನ್ನು ಮುಗಿಸುವಾಗ ಪರದೆಯ ಮೇಲೆ ಏನಾದರೂ ಮೂಡಿದ್ದರೂ 0x01 ಅದನ್ನು ಅಳಿಸಿಹಾಕುತ್ತದೆ.

ಐ2ಸಿ ಮೂಲಕ ಪಿಸಿಎಫ್8574 ಚಿಪ್‌ನ ಬೋರ್ಡ್ ಹಾಕಿ ಎಲ್‌ಸಿಡಿ ನಡೆಸುವವರಿಗೂ ಇದೇ ಕ್ರಮ. 100 ಕಿಲೋಹರ್ಟ್ಸ್‌ನಲ್ಲಿ ಒಂದು ಬೈಟ್ ಸಾಗಲು ಸುಮಾರು 90 ಮೈಕ್ರೋಸೆಕೆಂಡ್ ಬೇಕಾಗುವುದರಿಂದ ಸಣ್ಣ ಬಿಡುವುಗಳು ತಾವಾಗಿಯೇ ಸಿಗುತ್ತವೆ. 50, 5 ಮತ್ತು 3 ಮಿಲಿಸೆಕೆಂಡಿನ ಬಿಡುವುಗಳನ್ನು ಮಾತ್ರ ಬರೆಯಲೇಬೇಕು.

ಕೆಟ್ಟದ್ದೆಲ್ಲಿ ಎಂದು ತಿಳಿಯುವ ಬಗೆ

ಮೇಲಿನ ಸಾಲಿನಲ್ಲಿ ಹದಿನಾರು ಕಪ್ಪು ಚೌಕಗಳು, ಕೆಳಗಿನ ಸಾಲು ಖಾಲಿ: ಇದು ವಿದ್ಯುತ್ ಬಂದಿದೆ, ಆರಂಭಕ್ರಮ ತಲುಪಿಲ್ಲ ಎಂಬುದರ ಗುರುತು. ಕಂಟ್ರೋಲರ್ ತನ್ನ ಒಂದು ಸಾಲಿನ ವಿನ್ಯಾಸದಲ್ಲಿಯೇ ಉಳಿದು ಆ ಸಾಲನ್ನು ಮಾತ್ರ ಚಾಲನೆ ಮಾಡುತ್ತಿರುತ್ತದೆ. ಎನೇಬಲ್, ಆರ್‌ಎಸ್, ಆರ್/ಡಬ್ಲ್ಯೂ ತಂತಿಗಳನ್ನು, ಆಮೇಲೆ ಆರಂಭದ ಬಿಡುವನ್ನು ನೋಡಬೇಕು. ಬರೆದ ಮೊದಲ ಒಂದೆರಡು ಅಕ್ಷರ ಮಾತ್ರ ಕಾಣೆಯಾಗುತ್ತಿದ್ದರೆ ಪರದೆ ಅಳಿಸಿದ ನಂತರದ ಬಿಡುವು ಸಾಲದಾಗಿದೆ.

ನಿಬ್ಬಲ್ ಜಾರಿದ್ದನ್ನು ಅಕ್ಷರಗಳಿಂದಲೇ ಗುರುತಿಸಬಹುದು. `KA` ಎಂದು ಬರೆಯುವಾಗ ಹೋಗುವ ನಿಬ್ಬಲ್‌ಗಳು 4, B, 4, 1. ಒಂದು ಜಾರಿದರೆ ನಡುವಿನ ಎರಡು ಸೇರಿ 0xB4 ಆಗುತ್ತದೆ. ಜಪಾನಿ ಅಕ್ಷರಗಳಿರುವ ಎ00 ರೋಮ್‌ನ ಎಲ್‌ಸಿಡಿಗಳಲ್ಲಿ ಆ ಜಾಗದಲ್ಲಿ ಕಟಕಾನ ಲಿಪಿಯ ಒಂದು ಅಕ್ಷರವಿದೆ. ಇಂಗ್ಲಿಷ್ ಬರೆದ ಕಡೆ ಜಪಾನಿ ಕಂಡರೆ ತಂತಿಗಳನ್ನು ಶಂಕಿಸುವ ಮೊದಲು ನಿಬ್ಬಲ್ ಲೆಕ್ಕವನ್ನು ಶಂಕಿಸಬೇಕು. ಲಾಜಿಕ್ ಅನಲೈಸರ್ ಇದ್ದರೆ ಎನೇಬಲ್ ಪಿನ್ ಒಂದನ್ನೇ ನೋಡಿದರೂ ಸಾಕು: ಮೇಲಿನ ಪ್ರೋಗ್ರಾಮಿನಲ್ಲಿ ಮೊದಲ ಅಕ್ಷರಕ್ಕೆ ಮುಂಚೆ ಒಂಟಿ ಪಲ್ಸ್ ನಾಲ್ಕು, ಐದು ಆದೇಶಗಳಿಗೆ ಜೋಡಿ ಪಲ್ಸ್ ಹತ್ತು, ಒಟ್ಟು ಹದಿನಾಲ್ಕು ಪಲ್ಸ್ ಇರಬೇಕು.

ಹದಿನೈದಿದ್ದರೆ ಹೆಚ್ಚಿನದು ಎಲ್ಲಿಂದ ಬಂತೆಂದು ಹುಡುಕಬೇಕು. ರಿಸೆಟ್ ಸಮಯದಲ್ಲಿ ಮೈಕ್ರೋಕಂಟ್ರೋಲರ್‌ನ ಪಿನ್‌ಗಳೆಲ್ಲ ಇನ್‌ಪುಟ್‌ಗಳಾಗಿ ತೇಲುತ್ತಿರುತ್ತವೆ. ಎಲ್‌ಸಿಡಿಯ ಎನೇಬಲ್ ಪಿನ್‌ಗೆ ಉಳಿದವುಗಳಂತೆ ಒಳಗೆ ಪುಲ್-ಅಪ್ ಇಲ್ಲ. ಹೀಗಾಗಿ ಆ ತಂತಿ ಗದ್ದಲವನ್ನು ಹಿಡಿದು ಸುಳ್ಳು ಪಲ್ಸ್ ಕೊಡಬಹುದು. ಅದು 50 ಮಿಲಿಸೆಕೆಂಡಿನ ಬಿಡುವಿಗೆ ಮೊದಲೇ ಬಂದಿದ್ದರೆ ಮೂರು 3ಗಳು ಅದನ್ನು ಸರಿಪಡಿಸುತ್ತವೆ. ಆಮೇಲೆ ಬಂದದ್ದನ್ನು ಯಾವ ಆರಂಭಕ್ರಮವೂ ಸರಿಪಡಿಸಲಾರದು. ಎನೇಬಲ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ರಿಸೆಟ್ ವೇಳೆಯ ಗದ್ದಲ ನಿಲ್ಲುತ್ತದೆ. ಪಕ್ಕದಲ್ಲಿ ರಿಲೇ ಅಥವಾ ಮೋಟರ್ ಇದ್ದು ಓಡುವಾಗಲೇ ಸುಳ್ಳು ಪಲ್ಸ್ ಬರುತ್ತಿದ್ದರೆ ಆಗಾಗ `lcd_init` ಅನ್ನು ಮತ್ತೆ ಕರೆಯುವುದು ಒಂದು ತಾತ್ಕಾಲಿಕ ಉಪಾಯ. ಮೂಲ ಕೆಲಸ ತಂತಿಯನ್ನು ಗಿಡ್ಡ ಮಾಡುವುದು.

ಬರೆದ ಆರಂಭಕ್ರಮ ಗಟ್ಟಿಯೋ ಎಂದು ಪರೀಕ್ಷಿಸಲು ರಿಸೆಟ್ ಗುಂಡಿಯನ್ನು ಅದೃಷ್ಟಕ್ಕೆ ಬಿಟ್ಟು ಒತ್ತುತ್ತ ಕೂರಬೇಕಾಗಿಲ್ಲ. ಪ್ರೋಗ್ರಾಮ್ ಅಕ್ಷರಗಳನ್ನು ಬರೆದು ಮುಗಿಸಿದ ಮೇಲೆ ಆರ್‌ಎಸ್ ಕೆಳಗಿಳಿಸಿ, ಬೇಕೆಂದೇ ಒಂದೇ ಒಂದು `nibble(0x0)` ಕಳಿಸಿ, ಖಾಲಿ ಲೂಪಿನಲ್ಲಿ ನಿಲ್ಲಬೇಕು. ಈಗ ಕಂಟ್ರೋಲರ್ ಮೂರನೆಯ ಸ್ಥಿತಿಯಲ್ಲಿದೆ, ಅದೂ ಅತ್ಯಂತ ಕೆಟ್ಟ ರೂಪದಲ್ಲಿ: ಮುಂದಿನ 3 ಅದನ್ನು ರಿಟರ್ನ್ ಹೋಮ್‌ಗೆ ಕಳಿಸುತ್ತದೆ. ಈಗ ವಿದ್ಯುತ್ ತೆಗೆಯದೆ ರಿಸೆಟ್ ಒತ್ತಬೇಕು. ಮೇಲಿನ ಕ್ರಮವಿದ್ದರೆ ಪರದೆ ಪ್ರತಿ ಸಲವೂ ಸರಿಯಾಗಿ ಮೂಡುತ್ತದೆ. ಒಂದು 3 ತೆಗೆದು ಮತ್ತೆ ತುಂಬಿದರೆ ವಿದ್ಯುತ್ ಕೊಟ್ಟ ಮೊದಲ ಸಲ ಸರಿಯಾಗಿದ್ದು, ರಿಸೆಟ್ ನಂತರ ಕೆಡುವುದು ಕಾಣುತ್ತದೆ. ಮೂರನ್ನೂ ಇಟ್ಟು 5 ಮಿಲಿಸೆಕೆಂಡಿನ ಬಿಡುವನ್ನು 100 ಮೈಕ್ರೋಸೆಕೆಂಡಿಗೆ ಇಳಿಸಿದರೆ ಫಲಿತಾಂಶ ನಿಮ್ಮ ಕೈಯಲ್ಲಿರುವ ಚಿಪ್ ಯಾರ ತಯಾರಿಕೆ ಎಂಬುದನ್ನು ಅವಲಂಬಿಸುತ್ತದೆ. ಒಂದರಲ್ಲಿ ಪಾಸಾದ ಬಿಡುವನ್ನು ಇನ್ನೊಂದಕ್ಕೆ ಅನ್ವಯಿಸಬಾರದು.